ಬೋನಸ್ ಲೆಕ್ಕ: ಎರಡು ಮಿತಿಗಳನ್ನು ಬೆರೆಸಬೇಡಿ

ದೀಪಾವಳಿ ಹತ್ತಿರವಾದಂತೆ ಕಾರ್ಖಾನೆಗಳ ಲೆಕ್ಕಪತ್ರ ವಿಭಾಗದಲ್ಲಿ ನಾನು ಪ್ರತಿವರ್ಷ ಕಾಣುವ ತಪ್ಪು ಒಂದೇ: ಯಾರಿಗೆ ಬೋನಸ್ ಸಲ್ಲಬೇಕು ಎಂಬ ಮಿತಿಯನ್ನೂ ಎಷ್ಟರ ಮೇಲೆ ಲೆಕ್ಕ ಹಾಕಬೇಕು ಎಂಬ ಮಿತಿಯನ್ನೂ ಕಲಸಿಬಿಡುವುದು. 2023-24ನೇ ಲೆಕ್ಕವರ್ಷಕ್ಕೆ, 1965ರ ಬೋನಸ್ ಪಾವತಿ ಕಾಯ್ದೆಯಂತೆ, ಒಬ್ಬ ಹೊಲಿಗೆ ಕಾರ್ಮಿಕಳ ಲೆಕ್ಕವನ್ನು ಮಾಡಿ ನೋಡೋಣ.

ಮೊದಲ ಹೆಜ್ಜೆ ಅರ್ಹತೆ. ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿರಬೇಕು, ತಿಂಗಳ ವೇತನ 21,000 ರೂಪಾಯಿ ಮೀರಿರಬಾರದು. ಇಲ್ಲಿ ವೇತನವೆಂದರೆ ಮೂಲವೇತನ ಮತ್ತು ತುಟ್ಟಿಭತ್ಯೆ ಮಾತ್ರ. ಮನೆಬಾಡಿಗೆ ಭತ್ಯೆ, ಓವರ್‌ಟೈಮ್ ಸೇರುವುದಿಲ್ಲ. ನಮ್ಮ ಕಾರ್ಮಿಕಳಿಗೆ ಮೂಲವೇತನ, ತುಟ್ಟಿಭತ್ಯೆ ಸೇರಿ 16,000 ಮತ್ತು ಇತರ ಭತ್ಯೆಗಳು 6,000 ಎಂದುಕೊಳ್ಳಿ. ಪೇಸ್ಲಿಪ್‌ನ ಕೆಳಗಿನ 22,000ವನ್ನು ನೋಡಿ ಆಕೆಯ ಹೆಸರನ್ನು ಪಟ್ಟಿಯಿಂದ ಕೈಬಿಡುವ ಗುಮಾಸ್ತರನ್ನು ನಾನು ಕಂಡಿದ್ದೇನೆ. ಆಕೆ ಅರ್ಹಳೇ.

ಎರಡನೆಯ ಹೆಜ್ಜೆಯಲ್ಲಿಯೇ ಹೆಚ್ಚಿನವರು ಎಡವುವುದು. ಲೆಕ್ಕ ಹಾಕಬೇಕಾದದ್ದು 21,000ದ ಮೇಲಲ್ಲ, ಎಲ್ಲರಿಗೂ 7,000ದ ಮೇಲೂ ಅಲ್ಲ. 2015ರ ತಿದ್ದುಪಡಿಯ ಪ್ರಕಾರ 7,000 ರೂಪಾಯಿ ಅಥವಾ ಆ ಉದ್ಯೋಗಕ್ಕೆ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನ, ಇವೆರಡರಲ್ಲಿ ಯಾವುದು ಹೆಚ್ಚೋ ಅದೇ ಮಿತಿ. ವೇತನ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ನಿಜವಾದ ವೇತನವನ್ನೇ ಹಿಡಿಯಬೇಕು. ಆಕೆಯ ವರ್ಗಕ್ಕೆ ಕನಿಷ್ಠ ವೇತನ 14,000 ಎಂದಾದರೆ 12 ತಿಂಗಳಿಗೆ 1,68,000 ಆಗುತ್ತದೆ. ಅದರ ಶೇ 8.33 ಎಂದರೆ 13,994 ರೂಪಾಯಿ. 7,000ದ ಮೇಲೆ ಹಾಕಿದರೆ ಸಿಗುವುದು 6,997, ಅಂದರೆ ಸರಿಯಾಗಿ ಅರ್ಧ. ವೇತನದ ಸಾಫ್ಟ್‌ವೇರ್‌ನಲ್ಲಿ 7,000 ಎಂದು ಮೊದಲೇ ತುಂಬಿಟ್ಟಿರುವ ಖಾನೆಯನ್ನು ನಂಬಲೇಬೇಡಿ. ಆ ವರ್ಷದ ಕನಿಷ್ಠ ವೇತನದ ಅಧಿಸೂಚನೆಯನ್ನು ಪಕ್ಕದಲ್ಲಿಟ್ಟುಕೊಂಡು ಕೈಯಲ್ಲೇ ಒಮ್ಮೆ ಹಾಕಿ. ಶೇ 8.33 ಎಂದರೆ ಹೆಚ್ಚುಕಡಿಮೆ ಹನ್ನೆರಡರಲ್ಲಿ ಒಂದು ಪಾಲು. ಇಡೀ ವರ್ಷ ದುಡಿದವರ ಕನಿಷ್ಠ ಬೋನಸ್ ಮಿತಿಯೊಳಗಿನ ಒಂದು ತಿಂಗಳ ವೇತನಕ್ಕೆ ಹೆಚ್ಚುಕಡಿಮೆ ಸಮವಾಗದಿದ್ದರೆ ಎಲ್ಲೋ ತಪ್ಪಿದೆ.

ಮೂರನೆಯದು ಶೇಕಡಾವಾರು. ಹೊಸ ಸಂಸ್ಥೆಗಳಿಗೆ ಇರುವ ವಿನಾಯಿತಿ ಬಿಟ್ಟರೆ, ನಷ್ಟವಾದರೂ ಶೇ 8.33 ಕೊಡಲೇಬೇಕು; ಲಾಭದಲ್ಲಿ ಬೋನಸ್‌ಗೆಂದು ಹಂಚಬಹುದಾದ ಹೆಚ್ಚುವರಿ ಅದನ್ನು ಮೀರಿದರೆ ದರವೂ ಏರುತ್ತದೆ, ಆದರೆ ಶೇ 20 ದಾಟುವುದಿಲ್ಲ. ನಮ್ಮ ಲೆಕ್ಕದಲ್ಲಿ ಆ ಗರಿಷ್ಠ 33,600 ರೂಪಾಯಿ.

ಸಂಬಳವಿಲ್ಲದ ಗೈರುಹಾಜರಿಯ ದಿನಗಳ ವೇತನ ಲೆಕ್ಕಕ್ಕೆ ಬರುವುದಿಲ್ಲ. ಸಂಬಳಸಹಿತ ಹೆರಿಗೆ ರಜೆಯನ್ನಾಗಲಿ, ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿದ್ದ ದಿನಗಳನ್ನಾಗಲಿ ಗೈರೆಂದು ಕಡಿಯಬಾರದು. ಕಾನೂನಿನ ಕಣ್ಣಿನಲ್ಲಿ ಅವು ದುಡಿದ ದಿನಗಳೇ.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯಲ್ಲೂ ಈ ಎರಡು ಶೇಕಡಾವಾರುಗಳು ಹಾಗೆಯೇ ಉಳಿದಿವೆ; ವೇತನ ಮಿತಿಯನ್ನು ಮಾತ್ರ ಸರ್ಕಾರದ ಅಧಿಸೂಚನೆ ನಿರ್ಧರಿಸುತ್ತದೆ. ಹೀಗಾಗಿ ಹಳೆಯ ಹಾಳೆಯನ್ನು ನಕಲು ಮಾಡುವ ಮುನ್ನ ಲೆಕ್ಕವರ್ಷ ಯಾವುದೆಂದು ನೋಡಿ.

ಪಾವತಿಗೆ ಲೆಕ್ಕವರ್ಷ ಮುಗಿದ ಮೇಲೆ ಎಂಟು ತಿಂಗಳ ಗಡುವು. ಮಾರ್ಚ್ 31ಕ್ಕೆ ಲೆಕ್ಕ ಮುಚ್ಚುವವರಿಗೆ ಅದು ನವೆಂಬರ್ 30. ಹಬ್ಬಕ್ಕೆ ಮುಂಗಡವಾಗಿ ಕೊಟ್ಟ ಬೋನಸ್ ಹಣವಿದ್ದರೆ ಅದನ್ನು ಕಳೆದು ಉಳಿದದ್ದನ್ನು ಕೊಡಬಹುದು.