ಮೈಕ್ರೋವೇವ್‌ನಲ್ಲಿ ಮೊಟ್ಟೆ: ಇಡಿಯಾಗಿ ಇಡಬೇಡಿ, ಅರ್ಧ ಪವರ್ ದಾಟಬೇಡಿ

ಬೆಳಗಿನ ರೈಲಿಗೆ ಬೆಂಗಳೂರಿಗೆ ಓಡುವ ತುಮಕೂರಿನ ಮನೆಗಳಲ್ಲಿ, ಬಟವಾಡಿ, ಶೆಟ್ಟಿಹಳ್ಳಿ ಕಡೆ ರೂಮು ಮಾಡಿಕೊಂಡಿರುವ ಹುಡುಗರಲ್ಲಿ ಈಗ ಮೈಕ್ರೋವೇವ್ ಓವನ್ ಅಪರೂಪವಲ್ಲ. ಹಾಲು ಕಾಯಿಸುತ್ತಾರೆ, ರಾತ್ರಿಯ ಅನ್ನ ಬಿಸಿ ಮಾಡುತ್ತಾರೆ, ಅದೇ ಧೈರ್ಯದಲ್ಲಿ ಒಂದು ದಿನ ಮೊಟ್ಟೆಯನ್ನೂ ಇಟ್ಟುಬಿಡುತ್ತಾರೆ. ನಾನು ನೋಡಿದ ಅವಾಂತರಗಳೆಲ್ಲ ಎರಡೇ ಬಗೆಯವು. ಒಂದು, ಹಸಿ ಮೊಟ್ಟೆಯನ್ನು ಚಿಪ್ಪಿನ ಸಮೇತ ನೀರಿಗೆ ಹಾಕಿ ಬೇಯಲು ಇಡುವುದು. ಇನ್ನೊಂದು, ಉಳಿದ ಮೊಟ್ಟೆ ಸಾರನ್ನು ಅದರಲ್ಲಿರುವ ಇಡೀ ಮೊಟ್ಟೆಗಳ ಸಮೇತ ಬಿಸಿಗೆ ಇಡುವುದು. ಎರಡನೆಯದೇ ಹೆಚ್ಚು ಅಪಾಯ. ಚಿಪ್ಪಿನ ಮೊಟ್ಟೆ ಬಹಳ ಸಲ ಓವನ್ ಒಳಗೇ ಸಿಡಿದು ಮುಗಿಯುತ್ತದೆ. ಸುಲಿದ ಮೊಟ್ಟೆ ಸುಮ್ಮನೆ ಹೊರಗೆ ಬಂದು, ಚಮಚ ತಾಗಿದಾಗಲೋ ಹಲ್ಲು ತಾಗಿದಾಗಲೋ ಸಿಡಿಯಬಹುದು. ಹೀಗೆ ಕಣ್ಣಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಮೊಟ್ಟೆ ಯಾಕೆ ಸಿಡಿಯುತ್ತದೆ

ಒಲೆಯ ಮೇಲೆ ಮೊಟ್ಟೆ ಬೇಯಿಸುವಾಗ ಸುತ್ತಲಿನ ನೀರು ಕುದಿಯುತ್ತದೆ, ಬಿಸಿ ಹೊರಗಿನಿಂದ ನಿಧಾನವಾಗಿ ಒಳಗೆ ಇಳಿಯುತ್ತದೆ. ಮೊಟ್ಟೆಯ ಒಳಭಾಗ ಯಾವತ್ತೂ ನೀರಿಗಿಂತ ಹೆಚ್ಚು ಬಿಸಿಯಾಗುವುದಿಲ್ಲ. ಮೈಕ್ರೋವೇವ್ ಅಲೆಗಳಿಗೆ ಚಿಪ್ಪು ತಡೆಯೇ ಅಲ್ಲ. ಅವು ನೇರವಾಗಿ ಒಳಗೆ ನುಗ್ಗಿ ಬಿಳಿಯಲ್ಲೂ ಹಳದಿಯಲ್ಲೂ ಇರುವ ನೀರಿನಂಶವನ್ನೇ ಕಾಯಿಸುತ್ತವೆ. ಮೊಟ್ಟೆ ಚಿಕ್ಕದಾದ್ದರಿಂದ ಅಲೆಗಳು ನಡುವಿನವರೆಗೂ ತಲುಪುತ್ತವೆ. ಹಳದಿಯಲ್ಲಿ ನೀರು ಅರ್ಧದಷ್ಟು ಮಾತ್ರ, ಉಳಿದದ್ದು ಹೆಚ್ಚಾಗಿ ಕೊಬ್ಬು ಮತ್ತು ಪ್ರೋಟೀನ್. ಹಾಗಾಗಿ ಅಷ್ಟೇ ಶಾಖಕ್ಕೆ ಅದು ಬಿಳಿಗಿಂತ ಬೇಗ ಕಾಯುತ್ತದೆ. ಅಲ್ಲಿ ಹುಟ್ಟಿದ ಹಬೆಗೆ ಹೊರಗೆ ಹೋಗಲು ದಾರಿ ಇಲ್ಲ. ಹಳದಿಯ ಸುತ್ತ ತೆಳು ಪೊರೆ, ಅದರ ಸುತ್ತ ಗಟ್ಟಿಯಾದ ಬಿಳಿ, ಅದರ ಮೇಲೆ ಚಿಪ್ಪು. ವಿಷಲ್ ಕಟ್ಟಿಕೊಂಡ ಕುಕ್ಕರ್‌ನಂತೆ ಒತ್ತಡ ಏರುತ್ತಲೇ ಹೋಗುತ್ತದೆ.

ಸುಲಿದ ಮೊಟ್ಟೆಯಲ್ಲಿ ಚಿಪ್ಪಿಲ್ಲವಲ್ಲ, ಅದೇಕೆ ಸಿಡಿಯಬೇಕು ಎಂದು ಕೇಳುತ್ತಾರೆ. ಬೆಂದು ಗಟ್ಟಿಯಾದ ಹಳದಿಯೊಳಗೆ ಅಲ್ಲಲ್ಲಿ ಸಣ್ಣ ಸಣ್ಣ ನೀರಿನ ಹನಿಗಳು ಸಿಕ್ಕಿಕೊಂಡಿರುತ್ತವೆ. ಅವು ಕುದಿಯುವ ಮಟ್ಟ ದಾಟಿ ಕಾದರೂ ಗುಳ್ಳೆ ಏಳದೆ ಹಾಗೇ ಕೂತಿರಬಲ್ಲವು. ಮುಳ್ಳುಚಮಚದ ತುದಿ ತಾಗಿದೊಡನೆ ಒಂದು ಹನಿ ಹಬೆಯಾಗುತ್ತದೆ, ಆ ಅಲುಗಾಟಕ್ಕೆ ಪಕ್ಕದವೂ ಹಬೆಯಾಗುತ್ತವೆ, ಮೊಟ್ಟೆ ಒಮ್ಮೆಲೇ ಚೂರಾಗುತ್ತದೆ. 2017ರಲ್ಲಿ ಅಮೆರಿಕದ ಧ್ವನಿತಜ್ಞರು ನೂರರ ಹತ್ತಿರದಷ್ಟು ಬೇಯಿಸಿದ ಮೊಟ್ಟೆಗಳನ್ನು ನೀರಿನಲ್ಲಿಟ್ಟು ಮೈಕ್ರೋವೇವ್ ಮಾಡಿ ಪರೀಕ್ಷಿಸಿದ್ದರು. ಓವನ್ ಒಳಗೆ ಸಿಡಿಯದೆ ಉಳಿದವನ್ನು ಹೊರತೆಗೆದು ಚುಚ್ಚಿದಾಗ ಸುಮಾರು ಮೂರರಲ್ಲೊಂದು ಸಿಡಿಯಿತು. ಹಳದಿಯ ಬಿಸಿ ಸುತ್ತಲಿನ ನೀರಿನ ಬಿಸಿಗಿಂತ ಹೆಚ್ಚಿದ್ದದ್ದೂ ಅದೇ ಪರೀಕ್ಷೆಯಲ್ಲಿ ಕಂಡಿತು.

ಆದ್ದರಿಂದ ಚಿಪ್ಪಿಗೆ ಸೂಜಿಯಿಂದ ತೂತು ಮಾಡಿ ಇಟ್ಟರೆ ಆಗುತ್ತದೆ ಎನ್ನುವವರ ಮಾತು ನಂಬಬೇಡಿ. ಬಿಳಿ ಬೆಂದು ಗಟ್ಟಿಯಾದರೆ ಆ ತೂತು ಮುಚ್ಚಿಹೋಗುತ್ತದೆ. ನೀರಿಗೆ ಉಪ್ಪು ಹಾಕಿದರೆ ಒಂದಷ್ಟು ಅಲೆಗಳನ್ನು ಉಪ್ಪುನೀರೇ ಹೀರಿಕೊಳ್ಳುತ್ತದೆ ನಿಜ, ಆದರೆ ಎಷ್ಟು ಎಂದು ಯಾರೂ ಅಳೆದು ಹಾಕುವುದಿಲ್ಲ. ಇಡೀ ಮೊಟ್ಟೆ ಬೇಕೇ ಬೇಕಾದರೆ ಒಲೆಯ ಮೇಲೆ ಬೇಯಿಸಿ. ಮೈಕ್ರೋವೇವ್‌ಗೆ ಒಡೆದ ಮೊಟ್ಟೆ ಮಾತ್ರ.

ಹಂತ 1: ಬಟ್ಟಲು

ಗಾಜಿನ ಅಥವಾ ಪಿಂಗಾಣಿಯ ಸಣ್ಣ ಬಟ್ಟಲು, ಇಲ್ಲವೇ ಅಗಲ ಬಾಯಿಯ ಕಾಫಿ ಮಗ್. ಚಿನ್ನದ ಗೆರೆ ಇರುವುದು ಬೇಡ, ಸ್ಟೀಲ್ ಬಟ್ಟಲು ಬೇಡ, ಮೆಲಮೈನ್ ತಟ್ಟೆ ಬಟ್ಟಲೂ ಬೇಡ. ಒಳಗೆಲ್ಲ ತುಪ್ಪ ಸವರಿ. ಎಣ್ಣೆಯೂ ಆಗುತ್ತದೆ, ಆದರೆ ತುಪ್ಪ ಸವರಿದ ಬಟ್ಟಲಿನಿಂದ ಮೊಟ್ಟೆ ಅಂಟದೆ ಜಾರಿ ಬರುತ್ತದೆ, ರುಚಿಯೂ ಬೇರೆ.

ಹಂತ 2: ಹಳದಿಯನ್ನು ಚುಚ್ಚುವುದು

ಎಲ್ಲರೂ ಕೆಡಿಸುವುದು ಇಲ್ಲೇ. ಮೊಟ್ಟೆ ಒಡೆದು ಬಟ್ಟಲಿಗೆ ಹಾಕಿದ ಮೇಲೆ ಹಳದಿ ಗುಂಡಗೆ ಕೂತಿರುತ್ತದೆ, ನೋಡಲು ಚೆಂದ, ಅದನ್ನು ಹಾಗೇ ಉಳಿಸಿಕೊಳ್ಳುವ ಆಸೆ. ಆದರೆ ಚಿಪ್ಪು ಹೋದರೂ ಹಳದಿಯ ಪೊರೆ ಇದ್ದೇ ಇದೆ, ಸಿಡಿಯಲು ಅದಷ್ಟೇ ಸಾಕು. ಕೆಲವರು ಟೂತ್‌ಪಿಕ್ಕಿನಿಂದ ಒಮ್ಮೆ ಮುಟ್ಟಿ ಚುಚ್ಚಿದೆ ಅನ್ನುತ್ತಾರೆ. ತಾಜಾ ಮೊಟ್ಟೆಯ ಪೊರೆ ಬಿಗಿ, ಮೊನೆ ತಾಗಿದರೆ ಹಳದಿ ಒಳಗೆ ತಗ್ಗುತ್ತದೆ ಅಥವಾ ಪಕ್ಕಕ್ಕೆ ಜಾರುತ್ತದೆ, ಪೊರೆ ಹರಿಯುವುದೇ ಇಲ್ಲ.

ಮುಳ್ಳುಚಮಚ ತೆಗೆದುಕೊಳ್ಳಿ. ಹಳದಿಯ ನೆತ್ತಿಯ ಮೇಲೆ ನೇರವಾಗಿ ಇಟ್ಟು, ಬಟ್ಟಲಿನ ತಳ ತಾಗುವವರೆಗೆ ಒತ್ತಿ. ಆಮೇಲೆ ಸ್ವಲ್ಪ ತಿರುಗಿಸಿ ಇನ್ನೊಂದು ಕಡೆ ಒತ್ತಿ. ನಾಲ್ಕೈದು ಕಡೆ ಹೀಗೆ ಮಾಡಿ. ಸರಿಯಾಗಿ ಆಗಿದೆ ಎಂಬುದಕ್ಕೆ ಗುರುತು ಏನೆಂದರೆ, ಚುಚ್ಚಿದ ಕಡೆಯಿಂದ ಹಳದಿ ಮೆಲ್ಲಗೆ ಹೊರಗೆ ಹರಿದು ಬಿಳಿಯ ಮೇಲೆ ಎಳೆಯಾಗಿ ಕಾಣಬೇಕು, ಗುಂಡಗಿದ್ದ ಗುಡ್ಡೆ ತಗ್ಗಬೇಕು. ಎಳೆ ಕಾಣದಿದ್ದರೆ ಪೊರೆ ಹರಿದಿಲ್ಲ. ನಾಟಿ ಕೋಳಿ ಮೊಟ್ಟೆಯಲ್ಲಿ ಹಳದಿ ಬಿಳಿಗೆ ಹೋಲಿಸಿದರೆ ದೊಡ್ಡದು, ಅಲ್ಲಿ ಚಾಕುವಿನ ತುದಿಯಿಂದ ಅಡ್ಡ ಉದ್ದ ಎರಡು ಗೀರು ಹಾಕಿಬಿಡಿ.

ನನ್ನನ್ನು ಕೇಳಿದರೆ ಇಷ್ಟೆಲ್ಲ ಕಷ್ಟವೇ ಬೇಡ. ಒಂದು ದೊಡ್ಡ ಚಮಚ ಹಾಲು ಹಾಕಿ ಬಿಳಿ ಹಳದಿ ಎರಡನ್ನೂ ಕದಡಿಬಿಡಿ. ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಪ್ಪು ಸೇರಿಸಿ. ಮಕ್ಕಳು ಒಬ್ಬರೇ ಮಾಡಿಕೊಳ್ಳುವ ಮನೆಯಲ್ಲಂತೂ ಕದಡಿದ ಮೊಟ್ಟೆ ಬಿಟ್ಟು ಬೇರೆ ಯಾವುದನ್ನೂ ಹೇಳಿಕೊಡಬೇಡಿ.

ಹಂತ 3: ಮುಚ್ಚುವುದು

ಮೇಲೆ ಒಂದು ಸಾಸರ್ ಅಡ್ಡ ಇಡಿ, ಒಂದು ಕಡೆ ಬೆರಳು ತೂರುವಷ್ಟು ಸಂದು ಬಿಡಿ. ಬಿಗಿಯಾಗಿ ಕಚ್ಚಿಕೊಳ್ಳುವ ಮುಚ್ಚಳ ಬೇಡ. ಅಂಗಡಿಗಳಲ್ಲಿ ಮೊಟ್ಟೆಗೆಂದೇ ಮಾರುವ, ಕ್ಲಿಪ್ ಹಾಕಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಗಳು ನನಗೆ ಸರಿ ಕಾಣುವುದಿಲ್ಲ. ಹಬೆ ಹೋಗುವ ತೂತು ಸಣ್ಣದು, ಅದರ ಮೇಲೆ ಮೊಟ್ಟೆ ಉಕ್ಕಿ ಕೂತರೆ ಮುಚ್ಚಿಯೇ ಹೋಗುತ್ತದೆ.

ಹಂತ 4: ಪವರ್

ನಮ್ಮ ಮನೆಗಳ ಓವನ್‌ಗಳು ಸಾಮಾನ್ಯವಾಗಿ 700ರಿಂದ 900 ವಾಟ್. ಪೂರ್ತಿ ಪವರ್‌ನಲ್ಲಿ ಮೊಟ್ಟೆಯ ಅಂಚು ರಬ್ಬರಿನಂತಾಗುವ ಹೊತ್ತಿಗೆ ನಡುವೆ ಹಸಿಯಾಗಿಯೇ ಇರುತ್ತದೆ, ಹಳದಿಯಲ್ಲಿ ಹಬೆ ತುಂಬುವುದೂ ಇದೇ ಅವಸರದಲ್ಲಿ. ಅರ್ಧ ಪವರ್, ಅಂದರೆ 50 ಪರ್ಸೆಂಟ್ ಇಟ್ಟರೆ ಬಿಸಿ ಹರಡಿಕೊಳ್ಳಲು ಸಮಯ ಸಿಗುತ್ತದೆ. 50 ಇಲ್ಲದೆ 60 ಮತ್ತು 40 ಮಾತ್ರ ಇದ್ದರೆ 40 ಇಟ್ಟು ಸ್ವಲ್ಪ ಹೊತ್ತು ಜಾಸ್ತಿ ಕೊಡಿ. ತಿರುಗಿಸುವ ಗುಂಡಿಯ ಓವನ್ ಆದರೆ ಮೀಡಿಯಂ.

ಇಲ್ಲಿ ಒಂದು ಎಚ್ಚರ. ಸ್ಟಾರ್ಟ್ ಗುಂಡಿಯನ್ನೇ ಒಮ್ಮೆ ಒತ್ತಿದರೆ 30 ಸೆಕೆಂಡ್ ಓಡುವ ಸೌಲಭ್ಯ ಹೆಚ್ಚಿನ ಓವನ್‌ಗಳಲ್ಲಿದೆ. ಅದು ಸಾಮಾನ್ಯವಾಗಿ ಓಡುವುದು ಪೂರ್ತಿ ಪವರ್‌ನಲ್ಲೇ. ಮೊದಲು ಪವರ್ ಗುಂಡಿಯನ್ನು ಒತ್ತುತ್ತಾ ಹೋಗಿ, ಪರದೆಯ ಮೇಲೆ P50, 50P ಅಥವಾ 800 ವಾಟಿನ ಓವನ್ ಆದರೆ 400W ಎಂದು ಬರಲಿ, ಆಮೇಲೆ ಸಮಯ ಹಾಕಿ, ಕೊನೆಗೆ ಸ್ಟಾರ್ಟ್. ಪವರ್ ನಿಜಕ್ಕೂ ಇಳಿದಿದೆಯೇ ಎಂದು ಕಿವಿಯಲ್ಲೇ ತಿಳಿಯಬಹುದು. ಸಾಮಾನ್ಯ ಓವನ್ ಅರ್ಧ ಪವರ್ ಎಂದರೆ ಅಲೆಯನ್ನು ಅರ್ಧ ಮಾಡುವುದಿಲ್ಲ. ಸ್ವಲ್ಪ ಹೊತ್ತು ಪೂರ್ತಿ ಓಡುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಗುಂಯ್ ಎನ್ನುವ ಸದ್ದು ನಿಂತು ಬರೀ ಫ್ಯಾನಿನ ಸದ್ದು ಕೇಳಿ, ಮತ್ತೆ ಗುಂಯ್ ಶುರುವಾಗಬೇಕು. ಇನ್ವರ್ಟರ್ ಓವನ್‌ನಲ್ಲಿ ಮಾತ್ರ ಈ ಪರೀಕ್ಷೆ ನಡೆಯದು, ಅದು ಒಂದೇ ಸಮ ಓಡುತ್ತದೆ.

ಹಂತ 5: ಸಮಯ

800 ವಾಟಿನ ಓವನ್, ಅರ್ಧ ಪವರ್, ಫ್ರಿಜ್‌ನಿಂದ ತೆಗೆದ ಒಂದು ಫಾರಂ ಮೊಟ್ಟೆ ಎಂದಿಟ್ಟುಕೊಳ್ಳಿ. ಬಟ್ಟಲನ್ನು ತಿರುಗುವ ತಟ್ಟೆಯ ನಟ್ಟನಡುವೆ ಇಡದೆ ಅಂಚಿನ ಕಡೆ ಇಡಿ, ಆಗ ಬಿಸಿ ಸಮನಾಗಿ ತಾಗುತ್ತದೆ. ಮೊದಲು 40 ಸೆಕೆಂಡ್. ತೆಗೆದು ನೋಡಿದರೆ ಸುತ್ತ ಬೆಳ್ಳಗಾಗಿ ನಡುವೆ ಇನ್ನೂ ಲೋಳೆ ಇರುತ್ತದೆ. ಕದಡಿದ ಮೊಟ್ಟೆಯಾದರೆ ಅಂಚನ್ನು ಒಳಗೆ ಎಳೆದು ಒಮ್ಮೆ ಕಲಕಿ. ಆಮೇಲೆ 15 ಸೆಕೆಂಡಿನಂತೆ ಕೊಡುತ್ತಾ ಹೋಗಿ. ಒಟ್ಟು ಒಂದು ನಿಮಿಷದಿಂದ ಒಂದೂಕಾಲು ನಿಮಿಷಕ್ಕೆ ಸಾಮಾನ್ಯವಾಗಿ ಆಗಿರುತ್ತದೆ. ಎರಡು ಮೊಟ್ಟೆಗೆ ಹೆಚ್ಚು ಹೊತ್ತು ಬೇಕು, ಆದರೂ ಅದೇ 15 ಸೆಕೆಂಡಿನ ಲೆಕ್ಕ ಬಿಡಬೇಡಿ. ಬೇಸಿಗೆಯ ಸಂಜೆ ವೋಲ್ಟೇಜ್ ಇಳಿದಿದ್ದರೆ ಓವನ್ನಿನ ಶಕ್ತಿಯೂ ಇಳಿದಿರುತ್ತದೆ. ನಿನ್ನೆ ಆದಷ್ಟರಲ್ಲಿ ಇವತ್ತು ಆಗಲಿಲ್ಲವೆಂದು ಪವರ್ ಏರಿಸಬೇಡಿ, ಸಮಯ ಸೇರಿಸಿ.

ನಡುವೆ ಟಪ್ ಟಪ್ ಎಂದು ಕೇಳಿದರೆ ಎಲ್ಲೋ ಹಬೆ ಕಟ್ಟಿದೆ ಎಂದರ್ಥ. ತಕ್ಷಣ ನಿಲ್ಲಿಸಿ, ಬಾಗಿಲು ತೆಗೆಯದೆ ಒಂದು ನಿಮಿಷ ಬಿಡಿ.

ಹಂತ 6: ಬಿಡುವುದು

ಹಸಿ ಸ್ವಲ್ಪವೇ ಉಳಿದಿರುವಾಗ ನಿಲ್ಲಿಸಿ, ಮುಚ್ಚಿ ಒಂದು ನಿಮಿಷ ಬಿಟ್ಟರೆ ಒಳಗಿನ ಬಿಸಿಯಲ್ಲೇ ಬೇಯುತ್ತದೆ. ಬಿಳಿಯಲ್ಲಿ ಲೋಳೆ ಇರಬಾರದು, ಹಳದಿಯೂ ಗಟ್ಟಿಯಾಗಿರಬೇಕು. ಹರಿಯುವ ಹಳದಿ ಇಷ್ಟಪಡುವವರು ತವಾ ಇಡಲಿ. ಮೈಕ್ರೋವೇವ್‌ನಲ್ಲಿ ಬಿಸಿ ಒಂದೇ ಸಮ ಇರುವುದಿಲ್ಲವಾದ್ದರಿಂದ ಅರೆಬೆಂದ ಮೊಟ್ಟೆಯನ್ನು ಇಲ್ಲಿ ನಂಬಿ ತಿನ್ನುವಂತಿಲ್ಲ.

ಉಳಿದ ಮೊಟ್ಟೆ ಸಾರು

ಮೊಟ್ಟೆಗಳನ್ನು ಸಾರಿನಿಂದ ಎತ್ತಿ ಬೇರೆ ತಟ್ಟೆಗಿಡಿ. ಸಾರನ್ನು ಮಾತ್ರ ಮುಚ್ಚಿ, ನಡುವೆ ಒಮ್ಮೆ ಕಲಕಿ, ಕುದಿ ಬರುವಷ್ಟು ಬಿಸಿ ಮಾಡಿ. ಸಾರಿಗೆ ಪೂರ್ತಿ ಪವರ್ ಇಟ್ಟರೂ ತೊಂದರೆಯಿಲ್ಲ. ಮೊಟ್ಟೆಯನ್ನು ಹಳದಿ ತೆರೆದುಕೊಳ್ಳುವಂತೆ ಉದ್ದಕ್ಕೆ ನಾಲ್ಕು ಹೋಳು ಮಾಡಿ, ಓವನ್‌ನಿಂದ ಹೊರತೆಗೆದ ಬಿಸಿ ಸಾರಿಗೆ ಹಾಕಿ ಐದು ನಿಮಿಷ ಮುಚ್ಚಿಡಿ. ಸೀಳು ಹಾಕಿದ್ದೇವಲ್ಲ, ಅದು ಸಾಕು ಎನ್ನುವವರಿದ್ದಾರೆ. ಸಾರಿನ ಖಾರ ಇಳಿಯಲೆಂದು ಹಾಕಿದ ಸೀಳು ಬಿಳಿಯವರೆಗೆ ಮಾತ್ರ, ಹಳದಿಯವರೆಗೆ ಹೋಗಿರುವುದಿಲ್ಲ.

ಮನೆಯಲ್ಲಿ ಯಾರಾದರೂ ತಿಳಿಯದೆ ಇಡೀ ಮೊಟ್ಟೆ ಇಟ್ಟುಬಿಟ್ಟಿದ್ದು ನಿಮ್ಮ ಕಣ್ಣಿಗೆ ಬಿದ್ದರೆ ಬಾಗಿಲು ತೆಗೆಯಲು ಓಡಬೇಡಿ. ಸ್ವಿಚ್ ಆಫ್ ಮಾಡಿ, ಮೊಟ್ಟೆ ತಣ್ಣಗಾಗುವವರೆಗೆ ಅರ್ಧ ಗಂಟೆಯಾದರೂ ಬಾಗಿಲು ಮುಚ್ಚಿಯೇ ಇರಲಿ, ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಳ್ಳಿ. ಆಮೇಲೂ ಅದನ್ನು ಚುಚ್ಚಿ ನೋಡುವುದು ಬೇಡ, ಬಟ್ಟಲಿನ ಸಮೇತ ತಣ್ಣೀರಿಗೆ ಇಳಿಸಿ.