ನೀರು ಬರುವ ಹಿಂದಿನ ಸಂಜೆಯೇ ಬಟ್ಟೆ ಒಗೆಯುವ ಕ್ರಮ: ನನ್ನ ಅನುಭವ

ಮೂರು ದಿನಕ್ಕೊಮ್ಮೆ ಎರಡು ಗಂಟೆ ನೀರು ಬಿಡುವ ಬೀದಿಗಳಲ್ಲಿ, ನೀರು ಬಂದ ದಿನವೇ ಬಟ್ಟೆ ಒಗೆದು, ನೆಲ ತೊಳೆದು, ಉಳಿದ ಎರಡು ದಿನ ಕೈ ಬಿಗಿ ಹಿಡಿದು ಕಳೆಯುವುದು ಸಾಮಾನ್ಯ ರೂಢಿ. ನಮ್ಮ ಮನೆಯಲ್ಲಿ ನಾನು ಅದನ್ನು ತಿರುಗಿಸಿದ್ದೇನೆ. ನೀರು ಹೆಚ್ಚು ಬೇಡುವ ಕೆಲಸಗಳೆಲ್ಲ ನೀರು ಬರುವ ಹಿಂದಿನ ಸಂಜೆ ಮುಗಿಯುತ್ತವೆ. ಇದನ್ನು ಆರಂಭಿಸಿದಾಗ ಪಕ್ಕದ ಮನೆಯ ಹಿರಿಯರು, "ನೋಡಮ್ಮ, ಇದ್ದ ನೀರನ್ನೂ ಖಾಲಿ ಮಾಡಿಕೊಂಡರೆ ನಾಳೆ ನೀರು ಬಾರದ ದಿನ ಏನು ಮಾಡುತ್ತೀಯ?" ಎಂದು ಕೇಳಿದ್ದರು. ಮನೆಯವರಿಗೂ ಅದೇ ಅನುಮಾನವಿತ್ತು. ಅಲ್ಲಿಂದೀಚೆಗೆ ಒಂದು ಬೇಸಿಗೆ ಪೂರ್ತಿ ಕಳೆದಿದೆ, ಒಂದು ಟ್ಯಾಂಕರನ್ನೂ ತರಿಸಿಲ್ಲ. ಆದ್ದರಿಂದ ಲೆಕ್ಕವನ್ನು ಬರೆದಿಡುವ ಧೈರ್ಯ ಬಂದಿದೆ.

ನಮ್ಮದು ನಾಲ್ಕು ಜನರ ಮನೆ. ಸಂಪು ಸುಮಾರು 1000 ಲೀಟರಿನದು, ಮಹಡಿಯ ಮೇಲಿನ ಟ್ಯಾಂಕು 500 ಲೀಟರಿನದು, ಮೋಟಾರು ಅರ್ಧ ಎಚ್‌ಪಿ. ಸಂಪಿನ ಬಾಯಿಯಲ್ಲಿ 15 ಲೀಟರಿನ ಬಕೆಟ್ ಹಿಡಿದು ನೋಡಿದರೆ ಅದು ತುಂಬಲು ಒಂದೂಕಾಲು ನಿಮಿಷ ಹಿಡಿಯುತ್ತದೆ, ಅಂದರೆ ನಿಮಿಷಕ್ಕೆ 12 ಲೀಟರ್. ಆರಂಭದಲ್ಲೂ ಕೊನೆಯಲ್ಲೂ ಹರಿವು ಸಣ್ಣಗಿರುವುದನ್ನು ಕಳೆದರೆ ಎರಡು ಗಂಟೆಗೆ ಹೆಚ್ಚುಕಡಿಮೆ 1400 ಲೀಟರ್ ಬರುತ್ತದೆ. ನಮಗೆ ದಿನಕ್ಕೆ ಬೇಕಾಗುವುದು 340 ಲೀಟರ್. ಅದರ ಮೇಲೆ ಮೂರು ದಿನಕ್ಕೊಮ್ಮೆ ಒಗೆತಕ್ಕೆ ಸುಮಾರು 300. ಕೂಡಿಸಿದರೆ ಬರುವ ನೀರು ಸಾಲಬೇಕು. ಆದರೂ ಮತ್ತೆ ಮತ್ತೆ ಟ್ಯಾಂಕು ಬರಿದಾಗುತ್ತಿದ್ದುದೇಕೆ ಎಂಬುದು ಬಹಳ ದಿನ ನನ್ನನ್ನು ಕಾಡಿದ ಪ್ರಶ್ನೆ.

ಬರುವ ನೀರು ಕಡಿಮೆಯಿರಲಿಲ್ಲ, ಅದನ್ನು ಹಿಡಿದಿಡಲು ಜಾಗವಿರಲಿಲ್ಲ. ವಾರಕ್ಕೊಮ್ಮೆ ಬದಲಾಗುವ ವಿದ್ಯುತ್ ಕಡಿತದ ಪಟ್ಟಿಯಲ್ಲಿ ನಮ್ಮ ಸರದಿ ಬೆಳಗಿನ 6ರಿಂದ 8ಕ್ಕೆ ಬಂದ ವಾರ, ನೀರು ಬರುವ ಹೊತ್ತೂ ಅದೇ ಆಗಿರುತ್ತದೆ. ಎರಡು ದಿನ ಹೆದರಿ ಹೆದರಿ ಉಳಿಸಿದ ನೀರು ಸಂಪಿನಲ್ಲಿ 400 ಲೀಟರ್ ನಿಂತಿರುತ್ತದೆ, ಮೇಲಿನ ಟ್ಯಾಂಕು ಅರ್ಧ ಖಾಲಿಯಿರುತ್ತದೆ, ಕರೆಂಟಿಲ್ಲದೆ ಕೆಳಗಿನದನ್ನು ಮೇಲೇರಿಸಲಾಗುವುದಿಲ್ಲ. ಸಂಪಿಗೆ ಹಿಡಿಯುವುದು ಇನ್ನು 600 ಲೀಟರ್ ಮಾತ್ರ. ಐವತ್ತು ನಿಮಿಷದಲ್ಲಿ ಬಾಲ್ ವಾಲ್ವ್ ಮೇಲೆದ್ದು ಮುಚ್ಚಿಕೊಳ್ಳುತ್ತದೆ, ಇನ್ನೊಂದು ಗಂಟೆಯ ನೀರು ಮುಂದಿನ ಮನೆಗಳಿಗೆ ಹೋಗುತ್ತದೆ. ನೀರು ಬಿಡುತ್ತಿರುವಾಗಲೇ ಮೋಟಾರು ಹಾಕಿ ಒಗೆಯುವ ರೂಢಿ ಕರೆಂಟಿದ್ದಾಗ ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ಪಟ್ಟಿಗಳೂ ಒಂದೇ ಗಂಟೆಯಲ್ಲಿ ಕೂಡಿದ ವಾರ ಅದು ಪೂರ್ತಿ ಕುಸಿಯುತ್ತದೆ.

ಈ ಕ್ರಮಕ್ಕೆ ಬರುವ ಮುನ್ನ ಹಣ ಖರ್ಚಾದ ದಾರಿಗಳನ್ನೂ ಹೇಳಬೇಕು. ಮೊದಲನೆಯದು ಇನ್ವರ್ಟರ್. ಮನೆಯಲ್ಲಿದ್ದ 850 ವಿಎ ಇನ್ವರ್ಟರಿಗೆ ಮೋಟಾರು ಜೋಡಿಸಿದಾಗ ಗುಂಡಿ ಒತ್ತಿದ ಕ್ಷಣವೇ ಅದು ಓವರ್‌ಲೋಡ್ ಎಂದು ಕೂಗಿ ನಿಂತುಬಿಟ್ಟಿತು. ಅರ್ಧ ಎಚ್‌ಪಿ ಮೋಟಾರು ಓಡುತ್ತಿರುವಾಗ ಎಳೆಯುವುದು 500-600 ವ್ಯಾಟ್ ಆದರೂ, ತಿರುಗಲು ಆರಂಭಿಸುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ಅದನ್ನು ತಾಳುವ ದೊಡ್ಡ ಇನ್ವರ್ಟರಿಗೂ ಎರಡು ಬ್ಯಾಟರಿಗೂ ಹೇಳಿದ ಬೆಲೆಯಲ್ಲಿ ಎರಡು ಬೇಸಿಗೆ ಟ್ಯಾಂಕರ್ ನೀರು ತರಿಸಬಹುದಿತ್ತು. ಆ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟೆ. ಎರಡನೆಯದು ಪ್ಲಗ್ಗಿಗೆ ಹಾಕುವ ಟೈಮರ್. ಒಳಗೆ ಬ್ಯಾಟರಿಯಿಲ್ಲದ ಟೈಮರಿನ ಗಡಿಯಾರ, ಕರೆಂಟು ಹೋದಷ್ಟು ಹೊತ್ತು ನಿಂತು, ಬಂದ ಮೇಲೆ ಅಷ್ಟೇ ಹಿಂದೆ ಬಿದ್ದಿರುತ್ತದೆ. ದಿನಕ್ಕೆ ಎರಡು ಗಂಟೆಯ ಕಡಿತವಿದ್ದರೆ ಮೂರು ದಿನದಲ್ಲಿ ಆರು ಗಂಟೆ ತಪ್ಪುತ್ತದೆ. ಅದು ಮೋಟಾರನ್ನು ಬರಿದಾದ ಸಂಪಿನ ಮೇಲೆ ನಡುರಾತ್ರಿ ಓಡಿಸಿ, ಪಂಪಿನ ಸೀಲನ್ನು ಸುಟ್ಟಿತು. ಶಾಫ್ಟಿನ ಬುಡದಲ್ಲಿ ನೀರು ತೊಟ್ಟಿಕ್ಕುತ್ತಿದ್ದುದನ್ನು ನೋಡಿದಾಗಲೇ ತಿಳಿದದ್ದು. ದುರಸ್ತಿಗೆ ಹೆಚ್ಚುಕಡಿಮೆ ಒಂದು ಟ್ಯಾಂಕರಿನ ಹಣವಾಯಿತು.

ಟೈಮರನ್ನು ಕಿತ್ತ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ನೀರೂ ಕರೆಂಟೂ ಎರಡೂ ಬೇಕಾದ ಕೆಲಸಗಳು ನಾವು ಅಂದುಕೊಂಡಷ್ಟಿಲ್ಲ. ನೀರು ಒಮ್ಮೆ ಮೇಲೇರಿದರೆ ಸ್ನಾನ, ಪಾತ್ರೆ, ಶೌಚಾಲಯ ಯಾವುದಕ್ಕೂ ಕರೆಂಟು ಬೇಡ. ಖಾಲಿ ಟ್ಯಾಂಕು ತುಂಬಲು ನಮ್ಮ ಮೋಟಾರಿಗೆ ಇಪ್ಪತ್ತೈದು ನಿಮಿಷ ಸಾಕು. ಹಾಗಾಗಿ ಹೊಂದಿಸಿಕೊಳ್ಳಬೇಕಾದದ್ದು ಆ ಇಪ್ಪತ್ತೈದು ನಿಮಿಷವನ್ನೂ ವಾಷಿಂಗ್ ಮೆಷಿನ್ನಿನ ಎರಡು ಮೂರು ಗಂಟೆಗಳನ್ನೂ ಮಾತ್ರ. ನೀರಿನ ಫಿಲ್ಟರ್ ತನ್ನ ಪಾಡಿಗೆ ತುಂಬಿಕೊಳ್ಳುತ್ತದೆ, ಇಸ್ತ್ರಿಗೆ ನೀರಿನ ಹಂಗಿಲ್ಲ.

ಈಗಿನ ಕ್ರಮ ಹೀಗಿದೆ. ಸಂಪಿಗೆ ಹೋಗುವ ಕೊಳವೆಗೆ ಒಂದು ಟೀ ಜೋಡಿಸಿ, ನೆಲಮಟ್ಟದಲ್ಲೇ ಒಂದು ವಾಲ್ವ್ ಇಟ್ಟು, ಅದರಿಂದ 200 ಲೀಟರಿನ ಎರಡು ಡ್ರಮ್ಮುಗಳಿಗೆ ಪೈಪು ಎಳೆದಿದ್ದೇನೆ. ಇವು ತುಂಬಲು ಕರೆಂಟು ಬೇಡ. ನೆಲ ಒರೆಸಲು, ಶೌಚಾಲಯಕ್ಕೆ, ಗಿಡಗಳಿಗೆ ಮೊದಲು ಡ್ರಮ್ಮಿನ ನೀರೇ ಖರ್ಚಾಗಬೇಕೆಂಬುದು ಮನೆಯಲ್ಲಿ ಎಲ್ಲರಿಗೂ ಕಟ್ಟುನಿಟ್ಟು. ಮೂರನೆಯ ದಿನ ಮಧ್ಯಾಹ್ನಕ್ಕೆ ಡ್ರಮ್ಮುಗಳು ಬರಿದಾಗಿರುತ್ತವೆ. ಆ ಸಂಜೆ ಮೊದಲು ಮೋಟಾರು ಹಾಕಿ ಮೇಲಿನ ಟ್ಯಾಂಕನ್ನು ತುಂಬಿಸುತ್ತೇನೆ. ಅದು ತುಂಬಿದ ಮೇಲೆ ಸಂಪಿನಿಂದ ಮೇಲೆತ್ತಲು ಎಷ್ಟು ಉಳಿದಿದೆಯೋ ಅಷ್ಟು ಮಾತ್ರ ಒಗೆತದ ನೀರು. ಸಾಮಾನ್ಯವಾಗಿ ಅದು 300ರಿಂದ 350 ಲೀಟರ್ ಇರುತ್ತದೆ, ನಮ್ಮ ಮೆಷಿನ್ನಿನಲ್ಲಿ ಮೂರು ಬಾರಿ ಒಗೆಯಲು ಸಾಕು. ಇನ್ನೂ ಕಡಿಮೆಯಿದ್ದರೆ ಎರಡೇ ಬಾರಿ ಒಗೆದು ಹೊದಿಕೆಗಳನ್ನು ಮುಂದಿನ ಸರದಿಗೆ ಬಿಡುತ್ತೇನೆ. ಮೆಷಿನ್ ಮೇಲಿನ ಟ್ಯಾಂಕಿನಿಂದ ಎಳೆದದ್ದನ್ನು ಕೊನೆಯಲ್ಲಿ ಇನ್ನೊಮ್ಮೆ ಮೋಟಾರು ಹಾಕಿ ತುಂಬಿಸುತ್ತೇನೆ. ಮಲಗುವ ಹೊತ್ತಿಗೆ ಮೇಲೆ ಟ್ಯಾಂಕು ತುಂಬಿರುತ್ತದೆ, ಸಂಪಿನ ತಳದಲ್ಲಿ ಫುಟ್ ವಾಲ್ವಿಗೆ ಸಿಗದ ನೂರು ಲೀಟರ್ ಮಾತ್ರ ಇರುತ್ತದೆ.

ಕಡಿತ ಬೆಳಗಿನ 6ಕ್ಕೆ ಬಿದ್ದ ವಾರದ ಒಂದು ದಿನದ ಲೆಕ್ಕ ನೋಡಿ. ನೀರು ಬಂದಾಗ ಕರೆಂಟಿಲ್ಲ. ಮೊದಲ ಕೆಲವು ನಿಮಿಷ ಕೊಳವೆ ಗಾಳಿ ಉಗುಳುತ್ತದೆ, ಆಮೇಲೆ ಮಣ್ಣುಬಣ್ಣದ ನೀರು ಬರುತ್ತದೆ. ಅದನ್ನು ಗಿಡದ ಬಕೆಟ್ಟಿಗೆ ಬಿಡುತ್ತೇನೆ. ತಿಳಿಯಾದ ಕೂಡಲೇ ಡ್ರಮ್ಮಿನ ವಾಲ್ವ್ ತೆರೆಯುತ್ತೇನೆ. ಎರಡೂ ಡ್ರಮ್ಮು ತುಂಬಲು ಅರ್ಧ ಗಂಟೆಗೆ ಸ್ವಲ್ಪ ಮೇಲೆ ಹಿಡಿಯುತ್ತದೆ. ಅನಂತರ ಸಂಪು. ಅದಕ್ಕೆ 900 ಲೀಟರಿನ ಜಾಗವಿದೆ, ಸುಮಾರು ಎಪ್ಪತ್ತೈದು ನಿಮಿಷ ಬೇಕು. ನೀರು ನಿಲ್ಲುವ ಹೊತ್ತಿಗೆ ಸಂಪಿನ ನೀರು ಬಾಲ್ ವಾಲ್ವಿನ ಸಮೀಪ ಬಂದಿರುತ್ತದೆ. ಒಂದು ಹನಿಯನ್ನೂ ಮೇಲೇರಿಸದೆ 1300 ಲೀಟರ್ ಹಿಡಿದಂತಾಯಿತು. ಮೊದಲು ಇದೇ ಎರಡು ಗಂಟೆಯಲ್ಲಿ ನಮಗೆ ದಕ್ಕುತ್ತಿದ್ದುದು 600. ಡ್ರಮ್ಮುಗಳನ್ನು ಮೊದಲೇ ತುಂಬಬೇಕು. ಒತ್ತಡ ಇಳಿದ ಮೇಲೆ ಅವುಗಳ ಬಾಯಿಯ ಎತ್ತರಕ್ಕೆ ನೀರು ಏರುವುದಿಲ್ಲ, ತಗ್ಗಿನಲ್ಲಿರುವ ಸಂಪಿಗೆ ಮಾತ್ರ ಇಳಿಯುತ್ತದೆ.

ಹಿರಿಯರ ಪ್ರಶ್ನೆಗೆ ಉತ್ತರ ಆ ತುಂಬಿದ ಮೇಲಿನ ಟ್ಯಾಂಕಿನಲ್ಲೇ ಇದೆ. ನೀರು ಬಾರದೆ ಹೋದರೂ 500 ಲೀಟರ್ ಒಂದೂವರೆ ದಿನ ನಡೆಸುತ್ತದೆ. ಅಷ್ಟರಲ್ಲಿ ನೀರು ಬರುತ್ತದೆ ಅಥವಾ ಟ್ಯಾಂಕರಿಗೆ ಹೇಳಲು ಸಮಯವಿರುತ್ತದೆ. ಎರಡು ಮೂರು ಸಲ ನೀರು ಒಂದು ದಿನ ತಡವಾದದ್ದೂ ಉಂಟು. ಆಗ ಒಗೆದ ಬಟ್ಟೆ ಒಣಗುತ್ತಿತ್ತು, ಸ್ನಾನಕ್ಕೆ ತೊಂದರೆಯಾಗಲಿಲ್ಲ. ಕೊಳವೆ ದುರಸ್ತಿಯ ಸೂಚನೆ ಬಂದಿದ್ದರೆ ಮಾತ್ರ ಆ ಸಂಜೆ ಒಗೆಯುವುದಿಲ್ಲ. ಸಂಪಿನಲ್ಲಿ ಎಷ್ಟಿದೆಯೆಂದು ಮುಚ್ಚಳ ತೆಗೆಯದೆ ತಿಳಿಯುವ ಒಂದು ಉಪಾಯವನ್ನು ದಾರ ಮತ್ತು ಬೆಂಡಿನಿಂದ ಮಾಡಿಕೊಂಡಿದ್ದೇನೆ. ಅದರ ತೂಕ ಹೊಂದಿಸಲು ನಾನು ಪಟ್ಟ ಪಾಡು ನನಗೆ ಗೊತ್ತು, ಆದ್ದರಿಂದ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೆಷಿನ್ನಿನ ನೀರನ್ನು ಅಳೆಯಲು ಹೋಗಿ ಇನ್ನೊಂದು ಪ್ರಯೋಗವೂ ಆಯಿತು. ಹೊರಹೋಗುವ ಪೈಪನ್ನು ಡ್ರಮ್ಮಿಗೆ ಬಿಟ್ಟು ನೋಡಿದಾಗ ಮೇಲಿನಿಂದ ಬಟ್ಟೆ ಹಾಕುವ ನಮ್ಮ ಮೆಷಿನ್ ಒಂದು ಬಾರಿಗೆ 110 ಲೀಟರ್ ಕುಡಿಯುತ್ತಿತ್ತು. ಕೊನೆಯ ಜಾಲಿಸಿದ ನೀರನ್ನು ಹಿಡಿದು ಮುಂದಿನ ಬಾರಿಯ ಸೋಪಿನ ನೀರಾಗಿ ಹಾಕಿದರೆ ಮೂರನೆಯ ಒಂದು ಭಾಗದಷ್ಟು ಉಳಿಯುತ್ತದೆ. ಆದರೆ ಅದೇ ಸಂಜೆ ಬಳಸಬೇಕು. ಮಾರನೆಯ ದಿನಕ್ಕೆ ಅದು ನಾರುತ್ತದೆ, ಆ ವಾಸನೆ ಬಟ್ಟೆಗೂ ಹತ್ತುತ್ತದೆ. ಇನ್ನೊಂದನ್ನು ಪ್ರತಿಯೊಬ್ಬರೂ ತಮ್ಮ ಮೆಷಿನ್ನಿನಲ್ಲಿ ಪರೀಕ್ಷಿಸಿ ನೋಡಬೇಕು. ಜಾಲಿಸುವಾಗ ಗೋಡೆಯ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಹಾಕಿದರೆ ಕೆಲವು ಮೆಷಿನ್ನುಗಳು ನಿಂತಲ್ಲಿಂದಲೇ ಮುಂದುವರಿಯುತ್ತವೆ, ಕೆಲವು ಮೊದಲಿನಿಂದ ಆರಂಭಿಸಿ ಮತ್ತೆ ನೀರು ತುಂಬಿಕೊಳ್ಳುತ್ತವೆ. ನಮ್ಮದು ಎರಡನೆಯ ಜಾತಿಯದು. ಹಾಗಾಗಿ ಕಡಿತಕ್ಕೆ ಒಂದು ಗಂಟೆಗಿಂತ ಕಡಿಮೆ ಉಳಿದಿದ್ದರೆ ಹೊಸದಾಗಿ ಬಟ್ಟೆ ಹಾಕುವುದಿಲ್ಲ. ಸಂಜೆಯೇ ಕಡಿತವಿರುವ ವಾರ ಒಗೆತವನ್ನು ಮಧ್ಯಾಹ್ನಕ್ಕೆ ಎಳೆದುಕೊಂಡು, ಮೋಟಾರಿನ ಕೊನೆಯ ಸುತ್ತನ್ನು ಮಾತ್ರ ಕರೆಂಟು ಬಂದ ಮೇಲೆ ಇಟ್ಟುಕೊಳ್ಳುತ್ತೇನೆ. ಅದನ್ನೂ ಕೂಡಲೇ ಹಾಕುವುದಿಲ್ಲ. ಎಲ್ಲ ಮನೆಗಳ ಫ್ರಿಜ್ಜು, ಮೋಟಾರು ಒಟ್ಟಿಗೆ ಎದ್ದಾಗ ವೋಲ್ಟೇಜು ಕುಸಿಯುತ್ತದೆ, ಮೋಟಾರು ತಿರುಗದೆ ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಹದಿನೈದು ನಿಮಿಷ ಕಾದರೆ ಅದು ಸರಿಹೋಗುತ್ತದೆ.

ಡ್ರಮ್ಮು, ಪೈಪು, ಟೀ, ವಾಲ್ವ್, ಜೋಡಿಸಿದವರ ಕೂಲಿ ಎಲ್ಲ ಸೇರಿ ಮೂರು ಟ್ಯಾಂಕರಿನ ಹಣವಾಗಿರಬಹುದು. ಬೇಸಿಗೆಯಲ್ಲಿ ತಿಂಗಳಿಗೆ ಎರಡು ಟ್ಯಾಂಕರ್ ತರಿಸುತ್ತಿದ್ದೆವು, ಆದ್ದರಿಂದ ಎರಡನೆಯ ತಿಂಗಳು ಮುಗಿಯುವ ಮೊದಲೇ ಹಾಕಿದ ಹಣ ವಾಪಸು ಬಂದಿತ್ತು. ಸಂಪಿಲ್ಲದೆ ಮೇಲಿನ ಟ್ಯಾಂಕೊಂದೇ ಇರುವ ಮನೆಗಳಲ್ಲಿ ಈ ಕ್ರಮ ಹೀಗೇ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ತುಂಬಿಡಬೇಕಾದದ್ದೂ ಬರಿದು ಮಾಡಬೇಕಾದದ್ದೂ ಒಂದೇ ಟ್ಯಾಂಕು. ಅಂಥವರು ಡ್ರಮ್ಮುಗಳನ್ನೇ ಸಂಪಿನಂತೆ ಬಳಸಬೇಕು, ಒಂದು ದಿನಕ್ಕಾಗುವಷ್ಟು ನೀರನ್ನು ಮೇಲೆ ಬಿಟ್ಟು ಡ್ರಮ್ಮಿನ ನೀರಿನಲ್ಲಿ ಕೈಯಿಂದಲೇ ಒಗೆಯಬೇಕಾಗುತ್ತದೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವಂತಾದರೆ ನಮ್ಮ ಮನೆಗೂ ಈ ಲೆಕ್ಕ ಸಾಲದು. ಆಗ ಬೇಕಾಗುವುದು ಇನ್ನೆರಡು ಡ್ರಮ್ಮಲ್ಲ. ದಿನದ 340 ಲೀಟರನ್ನು 270ಕ್ಕೆ ಇಳಿಸಬೇಕು, ಏಕೆಂದರೆ ಬರುವ ನೀರೇ 1400ರಷ್ಟು ಮಾತ್ರ.