ಪೌಚ್‌ನಲ್ಲಿ 9, ಡ್ರೈ ಫುಡ್‌ನಲ್ಲಿ 32: ಬೆಕ್ಕಿನ ಫುಡ್ ಲೇಬಲ್ ನಾನು ಓದೋ ರೀತಿ

ಬೆಕ್ಕಿನ ಡ್ರೈ ಫುಡ್ ಪ್ಯಾಕೆಟ್ ಹಿಂದೆ ತಿರುಗಿಸಿ ನೋಡಿದ್ರೆ ಪ್ರೋಟೀನ್ 30, 32, ಕೆಲವದ್ರಲ್ಲಿ 40 ಅಂತ ಇರುತ್ತೆ, ಪಕ್ಕದಲ್ಲೇ ಇರೋ ಗ್ರೇವಿ ಪೌಚ್ ನೋಡಿದ್ರೆ 8 ಅಥವಾ 9. ನಾನು ತಗೊಳೋ ಅಂಗಡಿಯವ್ರು "ಮೇಡಂ, ಪೌಚಲ್ಲಿ ಬರೀ ನೀರು, ಪ್ರೋಟೀನ್ ಬೇಕಂದ್ರೆ ಡ್ರೈನೇ ತಗೊಳ್ಳಿ" ಅಂತಾನೇ ಹೇಳ್ತಿದ್ರು. ನಮ್ಮನೆ ಗಂಡು ಬೆಕ್ಕಿಗೆ ಮೂತ್ರದ ತೊಂದರೆ ಕಾಣಿಸಿಕೊಂಡು, ಡಾಕ್ಟ್ರು ಹೊಟ್ಟೆಗೆ ನೀರು ಜಾಸ್ತಿ ಹೋಗ್ಬೇಕು ಅಂದ್ಮೇಲೆ ನಾನು ಈ ಲೇಬಲ್‌ಗಳನ್ನ ಕೂತು ಲೆಕ್ಕ ಹಾಕೋಕೆ ಶುರು ಮಾಡಿದ್ದು. ಹೆಂಗೆ ಮಾಡ್ತೀನಿ ಅಂತ ಬರೀತೀನಿ. ಬ್ರ್ಯಾಂಡ್ ಹೆಸ್ರು ಹಾಕ್ತಿಲ್ಲ, ಯಾಕಂದ್ರೆ ಒಂದೇ ಬ್ರ್ಯಾಂಡಲ್ಲೂ ಫ್ಲೇವರ್ ಬದಲಾದ್ರೆ ನಂಬರ್ ಬದಲಾಗುತ್ತೆ, ಲೆಕ್ಕ ಗೊತ್ತಿದ್ರೆ ಯಾವ ಪ್ಯಾಕೆಟ್ಟಿಗಾದ್ರೂ ನೀವೇ ಹಾಕ್ಕೋಬಹುದು.

ನಾನು ಮೊದಲು ನೋಡೋದು ಪ್ರೋಟೀನ್ ಅಲ್ಲ, ಮಾಯಿಶ್ಚರ್, ಅಂದ್ರೆ ನೀರಿನ ಅಂಶ. ಡ್ರೈ ಫುಡ್ಡಲ್ಲಿ ಅದು ಸುಮಾರು 10 ಪರ್ಸೆಂಟ್, ಪೌಚಲ್ಲಿ 80ರಿಂದ 87ರವರೆಗೂ ಇರುತ್ತೆ. ಹಾಲಲ್ಲಿ ಪ್ರೋಟೀನ್ 3 ಪರ್ಸೆಂಟ್ ಚಿಲ್ಲರೆ, ಹಾಲಿನ ಪುಡೀಲಿ 25ರ ಹತ್ರ, ಹಂಗಂತ ಪುಡಿ ಹಾಲಿಗಿಂತ ಎಂಟು ಪಟ್ಟು ಒಳ್ಳೇದು ಅಂತ ಯಾರೂ ಅನ್ನಲ್ಲ, ನೀರು ತೆಗೆದಿದಾರೆ ಅಷ್ಟೇ. ಇಲ್ಲೂ ನೀರು ತೆಗೆದು ಉಳಿಯೋ ಭಾಗದಲ್ಲಿ ಪ್ರೋಟೀನ್ ಎಷ್ಟು ಅಂತ ನೋಡ್ಬೇಕು. ಇದನ್ನ ಡ್ರೈ ಮ್ಯಾಟರ್ ಲೆಕ್ಕ ಅಂತಾರೆ: 100ರಲ್ಲಿ ಮಾಯಿಶ್ಚರ್ ಕಳೀರಿ, ಬಂದಿದ್ರಿಂದ ಪ್ರೋಟೀನ್‌ನ ಭಾಗಿಸಿ, 100ರಿಂದ ಗುಣಿಸಿ.

ನಾನು ಹೋಲಿಸಿದ ಎರಡು ಪ್ಯಾಕೆಟ್ಟಿನದೇ ಲೆಕ್ಕ ಹೇಳ್ತೀನಿ. ಡ್ರೈ ಫುಡ್: ಪ್ರೋಟೀನ್ 32, ಫ್ಯಾಟ್ 10, ಫೈಬರ್ 4, ಆಶ್ 9, ಮಾಯಿಶ್ಚರ್ 10. ಪೌಚ್: ಪ್ರೋಟೀನ್ 9, ಫ್ಯಾಟ್ 3, ಫೈಬರ್ 1, ಆಶ್ 2, ಮಾಯಿಶ್ಚರ್ 84.

```
ಡ್ರೈ:   32 ÷ 90 × 100 = 35.6
ಪೌಚ್:    9 ÷ 16 × 100 = 56.3
```

ಅಂಗಡಿಯವ್ರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಆಯ್ತು. ಅಮೆರಿಕದ ಆಫ್ಕೋ ಅನ್ನೋ ಸಂಸ್ಥೆಯ ಮಾನದಂಡ ಪ್ರಕಾರ ದೊಡ್ಡ ಬೆಕ್ಕಿಗೆ ಇದೇ ಡ್ರೈ ಮ್ಯಾಟರ್ ಲೆಕ್ಕದಲ್ಲಿ ಕನಿಷ್ಠ 26, ಮರಿಗೆ 30 ಪ್ರೋಟೀನ್ ಇರ್ಬೇಕು, ಸೋ ಎರಡೂ ಪಾಸ್. ಆದ್ರೆ ಪೌಚ್ ಎಲ್ಲೋ ಮೇಲಿದೆ.

ಇಲ್ಲೊಂದು ವಿಷಯ ಯಾರೂ ಜಾಸ್ತಿ ಹೇಳಲ್ಲ. ಲೇಬಲ್‌ನಲ್ಲಿ ಪ್ರೋಟೀನ್ ಮುಂದೆ "ಮಿನ್" ಅಂತ ಇರುತ್ತೆ, ಮಾಯಿಶ್ಚರ್ ಮುಂದೆ "ಮ್ಯಾಕ್ಸ್" ಅಂತ. ಅಂದ್ರೆ ಒಳಗಿರೋ ನಿಜವಾದ ನಂಬರ್ ಅದಲ್ಲ, ಇಷ್ಟಕ್ಕಿಂತ ಕಮ್ಮಿ ಆಗಲ್ಲ, ಇಷ್ಟಕ್ಕಿಂತ ಜಾಸ್ತಿ ಆಗಲ್ಲ ಅನ್ನೋ ಗ್ಯಾರಂಟಿ ಅಷ್ಟೇ. ಡ್ರೈ ಫುಡ್ಡಲ್ಲಿ ಇದ್ರಿಂದ ದೊಡ್ಡ ವ್ಯತ್ಯಾಸ ಇಲ್ಲ, ಮಾಯಿಶ್ಚರ್ 10ರ ಬದಲು 8 ಇದ್ರೂ 35.6 ಹೋಗಿ 34.8 ಆಗುತ್ತೆ. ಪೌಚಲ್ಲಿ ಹಂಗಲ್ಲ, 84 ಅಂತ ಬರೆದಿರೋದು ಒಳಗೆ ನಿಜವಾಗ್ಲೂ 82 ಇದ್ರೆ 9ನ್ನ 18ರಿಂದ ಭಾಗಿಸ್ಬೇಕು, 56 ಹೋಗಿ 50 ಆಯ್ತು. ಅದಕ್ಕೇ ನಾನು ಎರಡು ಪೌಚ್ ಹೋಲಿಸುವಾಗ 52 ಬಂತು, 56 ಬಂತು ಅಂತ ಜಗಳ ಆಡಲ್ಲ, ಅವೆರಡೂ ನಂಗೆ ಒಂದೇ. ಒಂದು 40, ಇನ್ನೊಂದು 56 ಇದ್ರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತೆ.

ಆಮೇಲೆ ಕಾರ್ಬ್. ಅದನ್ನ ಪ್ಯಾಕೆಟ್ ಮೇಲೆ ಹೆಚ್ಚಾಗಿ ಹಾಕೇ ಇರಲ್ಲ, ಆದ್ರೆ ಕಳೆದ್ರೆ ಸಿಗುತ್ತೆ, 100ರಲ್ಲಿ ಪ್ರೋಟೀನ್, ಫ್ಯಾಟ್, ಫೈಬರ್, ಆಶ್, ಮಾಯಿಶ್ಚರ್ ಎಲ್ಲಾ ಕಳೆದು ಉಳಿದಿದ್ದು. ಆ ಡ್ರೈನಲ್ಲಿ 35 ಉಳೀತು, ಪೌಚಲ್ಲಿ 1. ಆಶ್ ಬರೆದಿಲ್ಲ ಅಂದ್ರೆ ಡ್ರೈಗೆ 8, ಪೌಚಿಗೆ 2 ಅಂತ ಅಂದಾಜಿಗೆ ಹಿಡೀತೀನಿ. (ಆಶ್ ಅಂದ್ರೆ ಬೂದಿ ಬೆರೆಸ್ತಾರೆ ಅಂತ ಕೆಲವರು ಹೆದರ್ತಾರೆ, ಹಂಗೇನಿಲ್ಲ, ಫುಡ್ ಪೂರ್ತಿ ಸುಟ್ಟ ಮೇಲೆ ಉಳಿಯೋ ಖನಿಜಾಂಶ ಅದು.)

ಇಷ್ಟಾದ್ಮೇಲೆ ಕ್ಯಾಲೊರಿ. ಪ್ರೋಟೀನ್‌ಗೂ ಕಾರ್ಬ್‌ಗೂ ಗ್ರಾಂಗೆ 3.5, ಫ್ಯಾಟ್‌ಗೆ 8.5 ಹಿಡಿದು ಲೆಕ್ಕ ಹಾಕಿದ್ರೆ ಡ್ರೈ 100 ಗ್ರಾಂಗೆ ಸುಮಾರು 320, ಪೌಚ್ 100 ಗ್ರಾಂಗೆ ಬರೀ 60. ಮನೆಯೊಳಗೇ ಇರೋ ನಾಲ್ಕು ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಅಂತ ಇಟ್ಕೊಳ್ಳಿ. ಬರೀ ಡ್ರೈ ಕೊಟ್ರೆ 62 ಗ್ರಾಂ ಸಾಕು, ಅದ್ರ ಜೊತೆ ಹೊಟ್ಟೆಗೆ ಹೋಗೋ ನೀರು 6 ಎಂಎಲ್. ಬರೀ ಪೌಚ್ ಕೊಟ್ರೆ 330 ಗ್ರಾಂ ಬೇಕು, ಅಂದ್ರೆ 85 ಗ್ರಾಂದು ಹತ್ರಹತ್ರ ನಾಲ್ಕು, ಅದ್ರಲ್ಲಿ ನೀರೇ 275 ಎಂಎಲ್ ಮೇಲೆ. ಬೆಕ್ಕು ಬಟ್ಟಲಿನ ನೀರು ಕುಡಿದು ಈ ಅಂತರ ಪೂರ್ತಿ ತುಂಬ್ಕೊಳಲ್ಲ, ಡಾಕ್ಟ್ರು ಹೇಳಿದ್ದೂ ಅದೇ. ಪೌಚಲ್ಲಿ ಬರೀ ನೀರು ಅಂತ ಅಂಗಡಿಯವ್ರು ಬೈದಿದ್ರಲ್ಲ, ನಮ್ಮ ಬೆಕ್ಕಿಗೆ ಬೇಕಾಗಿದ್ದಿದ್ದೇ ಆ ನೀರು.

ದುಡ್ಡಿನ ಮಾತೂ ಇದೆ. ನಾನು ತಗೊಂಡಿದ್ದು ಪೌಚ್ 45 ರೂಪಾಯಿ, ಡ್ರೈ ಕೆಜಿಗೆ 400. ನಾಲ್ಕು ಪೌಚ್ ಅಂದ್ರೆ ದಿನಕ್ಕೆ 180, ಬರೀ ಡ್ರೈ ಅಂದ್ರೆ 25. ಎರಡು ಬೆಕ್ಕಿಗೆ ದಿನಾ ಪೌಚೇ ಹಾಕೋದು ನಮ್ಮ ಕೈಲಿ ಆಗಲ್ಲ. ಅದಕ್ಕೆ ಗಂಡು ಬೆಕ್ಕಿಗೆ ದಿನಕ್ಕೆ ಎರಡು ಪೌಚ್, ಜೊತೆಗೆ 30 ಗ್ರಾಂ ಡ್ರೈ, ಅದು ನೂರು ರೂಪಾಯಿ ಆಸುಪಾಸು ಬರುತ್ತೆ, ನೀರು 145 ಎಂಎಲ್ ಹತ್ರ ಹೋಗುತ್ತೆ. ಪೌಚಿಗೆ ಇನ್ನೆರಡು ಚಮಚ ಬೆಚ್ಚಗಿನ ನೀರು ಬೆರೆಸ್ತೀನಿ, ಅದೂ ಕುಡಿದುಬಿಡ್ತಾನೆ. ಡ್ರೈ ಮಾತ್ರ ಕಣ್ಣಳತೇಲಿ ಹಾಕಲ್ಲ, ಅಡುಗೆಮನೆ ತಕ್ಕಡೀಲೇ ತೂಗೋದು, ಯಾಕಂದ್ರೆ ಒಂದು ಹಿಡಿ ಜಾಸ್ತಿ ಬಿದ್ರೂ ಒಂದು ಪೌಚಿನ ಕ್ಯಾಲೊರಿ ಎಕ್ಸ್‌ಟ್ರಾ ಆಗಿರುತ್ತೆ.

ಈಗ ಇಂಗ್ರೀಡಿಯೆಂಟ್ಸ್. ಪಟ್ಟಿ ತೂಕದ ಪ್ರಕಾರ ಜಾಸ್ತಿಯಿಂದ ಕಮ್ಮಿಗೆ ಇರುತ್ತೆ, ಆದ್ರೆ ಅದು ತಯಾರಿಗೆ ಹಾಕುವಾಗಿನ ತೂಕ, ನೀರಿನ ಸಮೇತ. ಇಲ್ಲೂ ಕೊನೆಗೆ ನೀರಿನ ಪ್ರಶ್ನೆನೇ ನೋಡಿ. ಒಂದು ಪ್ಯಾಕೆಟ್ಟಲ್ಲಿ ಮೊದಲನೇ ಹೆಸ್ರೇ "ಫ್ರೆಶ್ ಚಿಕನ್" ಅಂತ ಇತ್ತು, ನೋಡಿದ ತಕ್ಷಣ ಖುಷಿಯಾಗುತ್ತೆ, ಆದ್ರೆ ಹಸಿ ಚಿಕನ್‌ನಲ್ಲಿ ಮುಕ್ಕಾಲು ಪಾಲಿನ ಹತ್ರ ನೀರೇ, 20 ಕೆಜಿ ಹಾಕಿದ್ರೆ ಒಣಗಿದ್ಮೇಲೆ ಉಳಿಯೋದು 6 ಕೆಜಿ ಆಗ್ಬಹುದು. ಇನ್ನೊಂದ್ರಲ್ಲಿ ಎರಡನೇ ಜಾಗದಲ್ಲಿ "ಚಿಕನ್ ಮೀಲ್" ಇದ್ರೆ, ಅದು ಮೊದಲೇ ಬೇಯಿಸಿ, ಕೊಬ್ಬು ತೆಗೆದು, ಒಣಗಿಸಿ ಪುಡಿ ಮಾಡಿರೋದು, 15 ಕೆಜಿ ಹಾಕಿದ್ರೆ 14 ಕೆಜಿ ಉಳಿಯುತ್ತೆ. ಮೀಲ್ ಅಂದ ತಕ್ಷಣ ಕಳಪೆ ಅಂತ ತಳ್ಳಿಹಾಕೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಬರೀ "ಮೀಟ್ ಮೀಲ್" ಅಂತ ಪ್ರಾಣಿ ಹೆಸ್ರೇ ಇಲ್ದೆ ಬರೆದಿದ್ರೆ ಮಾತ್ರ ನಾನು ಹಿಂದೇಟು ಹಾಕ್ತೀನಿ, ಯಾವ ಮಾಂಸ ಅಂತ ಗೊತ್ತಾಗಲ್ವಲ್ಲ.

ಇನ್ನೊಂದು ನೋಡೋದು, ಧಾನ್ಯ ಬೇರೆ ಬೇರೆ ಹೆಸ್ರಲ್ಲಿ ಹರಡಿಕೊಂಡಿದೆಯಾ ಅಂತ. ಚಿಕನ್ ಮೊದಲು, ಆಮೇಲೆ ಮೆಕ್ಕೆಜೋಳ, ಅಕ್ಕಿ, ಕಾರ್ನ್ ಗ್ಲುಟನ್ ಮೀಲ್, ಸೋಯಾಬೀನ್ ಮೀಲ್, ಹಿಂಗೆ ಸಾಲಾಗಿ ಬಂದ್ರೆ ಒಂದೊಂದೂ ಚಿಕನ್‌ಗಿಂತ ಕಮ್ಮಿನೇ ಇರುತ್ತೆ, ಕೂಡಿಸಿದ್ರೆ ಚಿಕನ್ ಎಲ್ಲೋ ಹಿಂದೆ ಬೀಳುತ್ತೆ. ಅದ್ರಲ್ಲೂ ಕಾರ್ನ್ ಗ್ಲುಟನ್ ಮೀಲ್‌ನಲ್ಲಿ ಪ್ರೋಟೀನ್ 60 ಪರ್ಸೆಂಟ್ ಹತ್ರ ಇರುತ್ತೆ, ಸೋ ಲೇಬಲ್ ಮೇಲಿನ 32ರಲ್ಲಿ ಒಂದು ದೊಡ್ಡ ಪಾಲು ಜೋಳದಿಂದಲೇ ಬಂದಿರಬಹುದು, ಆ ನಂಬರ್ ನೋಡಿ ಅದು ಗೊತ್ತಾಗಲ್ಲ. ಕ್ರೂಡ್ ಪ್ರೋಟೀನ್ ಅಂದ್ರೆ ಲ್ಯಾಬಲ್ಲಿ ನೈಟ್ರೋಜನ್ ಅಳೆದು 6.25ರಿಂದ ಗುಣಿಸಿರೋದು, ಅದು ಎಲ್ಲಿಂದ ಬಂತು ಅಂತ ಆ ಟೆಸ್ಟ್ ಕೇಳಲ್ಲ. 2007ರಲ್ಲಿ ಅಮೆರಿಕದಲ್ಲಿ ಪೆಟ್ ಫುಡ್ ದೊಡ್ಡ ಮಟ್ಟದಲ್ಲಿ ವಾಪಸ್ ತಗೊಂಡಿದ್ದು ಇದೇ ಸಂದಿನಿಂದ, ಚೀನಾದಿಂದ ಬಂದ ಗೋಧಿ ಗ್ಲುಟನ್‌ಗೆ ನೈಟ್ರೋಜನ್ ಜಾಸ್ತಿ ಇರೋ ಮೆಲಮೈನ್ ಬೆರೆಸಿದ್ರು, ಟೆಸ್ಟಲ್ಲಿ ಪ್ರೋಟೀನ್ ಜಾಸ್ತಿ ಬಂತು, ಬೆಕ್ಕು ನಾಯಿಗಳು ಕಿಡ್ನಿ ಹೋಗಿ ಸತ್ವು.

ನಂಬರ್ ಎಷ್ಟೇ ಚೆನ್ನಾಗಿದ್ರೂ ಒಂದು ಸಾಲು ಸಿಕ್ಕಿಲ್ಲ ಅಂದ್ರೆ ನಾನು ಅದನ್ನ ಊಟವಾಗಿ ಕೊಡಲ್ಲ: "ಕಂಪ್ಲೀಟ್" ಅನ್ನೋ ಪದ ಇರೋ ಸಾಲು. ತಂಗಿ ಒಂದು ಟ್ಯೂನಾ ಪೌಚ್ ತಂದುಕೊಟ್ಟಿದ್ಲು, ಪ್ರೋಟೀನ್ 11, ಮಾಯಿಶ್ಚರ್ 86, ಲೆಕ್ಕ ಹಾಕಿದ್ರೆ 79ರ ಹತ್ರ ಬರುತ್ತೆ, ಇಂಗ್ರೀಡಿಯೆಂಟ್ಸ್ ಅಂದ್ರೆ ಟ್ಯೂನಾ, ನೀರು, ಜೆಲ್ಲಿ ಅಷ್ಟೇ. "ಅಕ್ಕ, ಇದೇ ಬೆಸ್ಟ್ ಅಲ್ವಾ, ಬರೀ ಮೀನು" ಅಂದ್ಲು. ಹಿಂದೆ ಸಣ್ಣಕ್ಷರದಲ್ಲಿ "ಕಾಂಪ್ಲಿಮೆಂಟರಿ" ಅಂತ ಇತ್ತು, ಅಂದ್ರೆ ಊಟದ ಜೊತೆಗೆ ಕೊಡೋಕೆ, ಊಟದ ಬದಲಿಗಲ್ಲ. ಅದ್ರಲ್ಲಿ ವಿಟಮಿನ್, ಕ್ಯಾಲ್ಸಿಯಂ, ಟಾರಿನ್ ಯಾವುದನ್ನೂ ಸೇರಿಸಿರ್ಲಿಲ್ಲ. ಟಾರಿನ್‌ನ ಬೆಕ್ಕು ಸಾಕಾಗೋಷ್ಟು ತಾನೇ ತಯಾರಿಸ್ಕೊಳಲ್ಲ, ಊಟದಿಂದಲೇ ಬರ್ಬೇಕು, ಕಮ್ಮಿಯಾದ್ರೆ ಹೃದಯದ ಸ್ನಾಯು ಸೋತು ಹೃದಯ ಹಿಗ್ಗುತ್ತೆ, ಕಣ್ಣೂ ಹೋಗುತ್ತೆ. ಆ ಹೃದಯದ ಕಾಯಿಲೆಗೂ ಟಾರಿನ್‌ಗೂ ಇರೋ ನಂಟು ಗೊತ್ತಾಗಿದ್ದೇ 1987ರಲ್ಲಿ, ಅದೂ ಪ್ಯಾಕೆಟ್ ಫುಡ್ ತಿಂತಿದ್ದ ಬೆಕ್ಕುಗಳಲ್ಲಿ, ಅದಾದ್ಮೇಲೆ ಕಂಪನಿಗಳು ಟಾರಿನ್ ಜಾಸ್ತಿ ಮಾಡಿದ್ವು. ನೆಕ್ಕಿಸೋ ಕ್ರೀಮಿ ಟ್ರೀಟ್‌ಗಳೂ ಹೆಚ್ಚಾಗಿ ಈ ಕಾಂಪ್ಲಿಮೆಂಟರಿ ಗುಂಪಿನವೇ.

ಈ ಲೆಕ್ಕದಿಂದ ಗೊತ್ತಾಗದೇ ಇರೋದೂ ಇದೆ, ಪ್ರೋಟೀನ್ ಎಷ್ಟು ಜೀರ್ಣ ಆಗುತ್ತೆ ಅಂತ ಲೇಬಲ್ ಹೇಳಲ್ಲ, ಫಾಸ್ಫರಸ್ ಎಷ್ಟಿದೆ ಅಂತ ಸುಮಾರು ಪ್ಯಾಕೆಟ್‌ಗಳಲ್ಲಿ ಇರೋದೇ ಇಲ್ಲ. ಕಿಡ್ನಿ ತೊಂದರೆ ಇರೋ ಬೆಕ್ಕಿಗೆ ಪ್ರೋಟೀನ್‌ಗಿಂತ ಫಾಸ್ಫರಸ್ಸೇ ಮುಖ್ಯ ಆಗ್ಬಹುದು, ಅಂಥವರು ಡಾಕ್ಟ್ರನ್ನ ಕೇಳಿ, ನನ್ನ ಲೆಕ್ಕ ಹಿಡ್ಕೊಂಡು ಫುಡ್ ಬದಲಾಯಿಸ್ಬೇಡಿ. ಹಂಗೇ ಗಂಡು ಬೆಕ್ಕು ಮೂತ್ರಕ್ಕೆ ಕೂತು ಕೂತು ಎದ್ದು ಬರ್ತಿದ್ರೆ, ಹನಿ ಹನಿ ಬರ್ತಿದ್ರೆ ಲೇಬಲ್ ಗೀಬಲ್ ಬಿಟ್ಟು ಅವತ್ತೇ ಆಸ್ಪತ್ರೆಗೆ ಓಡಿ.

ಕೊನೇದಾಗಿ, ಲೂಸ್ ಫುಡ್. ದೊಡ್ಡ ಚೀಲ ಬಿಚ್ಚಿ ಪ್ಲಾಸ್ಟಿಕ್ ಕವರಲ್ಲಿ ಕೆಜಿ ಲೆಕ್ಕದಲ್ಲಿ ಕೊಡ್ತಾರಲ್ಲ, ಅದ್ರ ಮೇಲೆ ಲೇಬಲ್ಲೇ ಇರಲ್ಲ. ಚೀಲ ತೋರ್ಸಿ ಅಂತ ಕೇಳಿ ಹಿಂದುಗಡೆ ಫೋಟೋ ತಕ್ಕೊಳ್ಳಿ, ಚೀಲ ಇಲ್ಲ ಅಂದ್ರೆ ನಾನಂತೂ ತಗೊಳಲ್ಲ. ಇಂಪೋರ್ಟೆಡ್ ಪ್ಯಾಕೆಟ್ ಆದ್ರೆ ಎಂಆರ್‌ಪಿ ಸ್ಟಿಕ್ಕರ್‌ನ ಒಂದೊಂದು ಸಲ ಸರಿಯಾಗಿ ಇಂಗ್ರೀಡಿಯೆಂಟ್ಸ್ ಮೇಲೇ ಅಂಟಿಸಿರ್ತಾರೆ, ಆಗ ಅದೇ ಫ್ಲೇವರ್‌ದು ಇನ್ನೊಂದು ಪ್ಯಾಕೆಟ್ ಹುಡುಕಿ ಓದ್ತೀನಿ. ಹೊಸ ಪ್ಯಾಕೆಟ್ ತಂದಾಗೆಲ್ಲಾ ಫೋನಲ್ಲಿರೋ ಹಳೇ ಫೋಟೋ ಪಕ್ಕ ಇಟ್ಟು ನೋಡ್ತೀನಿ, ಮುಂದಿನ ಚಿತ್ರ ಅದೇ ಇದ್ರೂ ಹಿಂದಿನ ಪಟ್ಟಿ ಬದಲಾಗಿರೋದು ಉಂಟು.